ಅಂಗಡಿ ಬಿಟ್ಟವರಿಗೆ ಬರೆದ ಉತ್ತರ

ಕಲಬುರಗಿಯ ಗಂಜಿನಲ್ಲಿ ಪುಷ್ಯಮಾಸ ಬಂತೆಂದರೆ ತೊಗರಿಯ ರಾಶಿಗಳ ನಡುವೆ ಕಾಲಿಡಲು ಸ್ಥಳವಿರುವುದಿಲ್ಲ. ಅಫಜಲಪುರ, ಆಳಂದ, ಜೇವರ್ಗಿ ತಾಲೂಕುಗಳ ಕಪ್ಪು ನೆಲದಲ್ಲಿ ಬೆಳೆದ ಕಾಳು ಇಲ್ಲಿಗೆ ಬಂದು ಅಡತಿ ಅಂಗಡಿಗಳ ಮುಂದೆ ಬೀಳುತ್ತದೆ. ಈ ಕಾಳಿಗೆ ೨೦೧೯ರಲ್ಲಿ ‘ಗುಲಬರ್ಗಾ ತೊಗರಿ’ ಎಂಬ ಭೌಗೋಳಿಕ ಗುರುತೂ ದೊರೆತಿದೆ. ಅಡತಿಯವನು ತಾನು ಮಾಲನ್ನು ಕೊಳ್ಳುವವನಲ್ಲ. ರೈತನ ಚೀಲಗಳನ್ನು ಇಳಿಸಿಕೊಂಡು, ರಾಶಿಯನ್ನು ಕೊಳ್ಳುವವರಿಗೆ ತೋರಿಸಿ, ಬೆಲೆ ಗೊತ್ತಾದ ಮೇಲೆ ತೂಕ ಮಾಡಿಸಿ, ರೈತನಿಗೆ ಲೆಕ್ಕದ ಪಟ್ಟಿಯನ್ನೂ ಹಣವನ್ನೂ ಕೊಡುವುದು ಅವನ ಕೆಲಸ. ಅವನ ಅಡತಿಯ ಹಣವನ್ನು ಕೊಡತಕ್ಕವನು ಕೊಳ್ಳುವವನೇ ಹೊರತು ರೈತನಲ್ಲ. ಬೆಲೆಯೋ, ಟೆಂಡರಿನಲ್ಲಿ ನಿರ್ಣಯವಾಗುವುದು. ೨೦೧೪ರಲ್ಲಿ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆಯ ವ್ಯವಸ್ಥೆ ಆರಂಭವಾದಂದಿನಿಂದ ಅದೂ ಗಣಕಯಂತ್ರದ ಮೂಲಕ ನಡೆಯತೊಡಗಿತು.

ಹೀಗಿರುವಲ್ಲಿ ವಾಚಕರು ಒಂದು ಪ್ರಶ್ನೆಯನ್ನು ಕೇಳಬಹುದು. ಬೆಲೆಯನ್ನು ಕಟ್ಟುವವರು ಅವರೇ ಕೊಳ್ಳುವವರು, ಅಡತಿಯ ದರವೂ ಒಂದೇ ಎಂದಮೇಲೆ, ರೈತನೊಬ್ಬನು ಒಂದು ಅಂಗಡಿಯನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದಾದರೂ ಏತಕ್ಕೆ? ಈ ಪ್ರಶ್ನೆಗೆ ಉತ್ತರವನ್ನು ತಿಳಿಯಲು ಒಬ್ಬ ಅಡತಿಯ ಸಾಹುಕಾರನು ಪಟ್ಟ ಪ್ರಯತ್ನವೇ ಈ ಲೇಖನದ ವಿಷಯವು.

ಹವಳಗಾ ಗ್ರಾಮದಿಂದ ಆ ಸಾಹುಕಾರನ ಅಂಗಡಿಗೆ ಐದು ಮನೆಗಳ ತೊಗರಿ ಬರುತ್ತಿದ್ದಿತು. ಹವಳಗಾದಲ್ಲಿ ಸಕ್ಕರೆಯ ಕಾರ್ಖಾನೆಯಿರುವುದರಿಂದ ನೀರಿನ ಆಸರೆಯುಳ್ಳ ಹೊಲಗಳಲ್ಲಿ ಕಬ್ಬು ನಿಂತಿದೆ; ಮಳೆಯನ್ನೇ ನಂಬಿದ ಹೊಲಗಳಲ್ಲಿ ಇಂದಿಗೂ ತೊಗರಿಯೇ ಬೆಳೆ. ಐದು ಮನೆಯವರೂ ಸೇರಿ ಒಂದೇ ವಾಹನವನ್ನು ಗೊತ್ತು ಮಾಡಿಕೊಂಡು ಬರುವುದು ರೂಢಿ. ಅವರಲ್ಲಿ ಹಿರಿಯರಾದ ಒಬ್ಬರು ಇಪ್ಪತ್ತು ವರ್ಷಗಳಿಂದ ಬೇರೆ ಅಂಗಡಿಯ ಮೆಟ್ಟಿಲನ್ನು ಹತ್ತಿದವರಲ್ಲ. ಅವರ ಹತ್ತು ಎಕರೆಯಲ್ಲಿ ಒಳ್ಳೆಯ ವರ್ಷ ನಾಲ್ವತ್ತು ಕ್ವಿಂಟಲು, ಅಂದರೆ ಐವತ್ತು ಕಿಲೋದ ಎಂಬತ್ತು ಚೀಲಗಳು ಬರುತ್ತಿದ್ದುವು. ಒಂದು ವರ್ಷ ಮಾರ್ಗಶಿರದಲ್ಲಿ, ಕೊಯ್ಲಿಗೆ ಮೊದಲೇ, ಅವರ ತಮ್ಮನ ಮಗನ ಮೊಬೈಲಿನಿಂದ ನಾಲ್ಕು ಸಾಲಿನ ಒಂದು ಸಂದೇಶ ಬಂದಿತು. ಈ ಸಲದ ಮಾಲನ್ನು ಗಂಜಿನಲ್ಲಿಯೇ ಎರಡು ಸಾಲು ಆಚೆಗಿರುವ ಮತ್ತೊಂದು ಅಂಗಡಿಗೆ ಹಾಕುವುದಾಗಿ ನಿಶ್ಚಯಿಸಿದ್ದೇವೆ, ತಾವು ಬೇಸರ ಮಾಡಿಕೊಳ್ಳಬಾರದು, ತಮ್ಮ ಬಾಕಿಯನ್ನು ಮುಟ್ಟಿಸುತ್ತೇವೆ ಎಂಬುದಿಷ್ಟೇ ಅದರ ಸಾರಾಂಶವಾಗಿದ್ದಿತು. ಕಾರಣವನ್ನು ಹೇಳಿರಲಿಲ್ಲ.

ಸಾಹುಕಾರನಿಗೆ ಇದರಲ್ಲಿ ಎರಡು ಬಗೆಯ ನಷ್ಟದ ಭಯವಿದ್ದಿತು. ಬಿತ್ತನೆಯ ಕಾಲದಲ್ಲಿ ಆ ಹಿರಿಯರು ನಾಲ್ವತ್ತು ಸಾವಿರ ರೂಪಾಯಿ ಮುಂಗಡ ಪಡೆದಿದ್ದರು. ಹಿಂದಿನ ವರ್ಷದ ಮಾಲಿನ ಹಣದಲ್ಲಿ ೧೨,೬೦೦ ರೂಪಾಯಿಗಳನ್ನು ಅವರು ಅಂಗಡಿಯಲ್ಲಿಯೇ ಜಮೆ ಬಿಟ್ಟಿದ್ದರು. ಅದನ್ನು ಕಳೆದರೆ ೨೭,೪೦೦ ರೂಪಾಯಿ ಬರತಕ್ಕದ್ದು. ಮಾಲು ಬೇರೆಡೆಗೆ ಹೋದರೆ ಈ ಹಣವನ್ನು ಪಟ್ಟಿಯಲ್ಲಿ ಮುರಿದುಕೊಳ್ಳುವ ಮಾರ್ಗವಿಲ್ಲ. ಅದಕ್ಕಿಂತ ದೊಡ್ಡ ಭಯವೆಂದರೆ ಒಂದೇ ವಾಹನದಲ್ಲಿ ಬರುವ ಉಳಿದ ನಾಲ್ಕು ಮನೆಗಳದು. ವಾಹನ ಎಲ್ಲಿ ನಿಲ್ಲುವುದೋ ಅಲ್ಲಿಯೇ ಎಲ್ಲರ ಚೀಲಗಳೂ ಇಳಿಯುವುದು ಸ್ವಾಭಾವಿಕವಷ್ಟೆ.

ಅಂಗಡಿಯ ಗುಮಾಸ್ತನು ತರುಣನು, ಸಾಹುಕಾರನ ಅಕ್ಕನ ಮಗನು. “ಮಾಮಾ, ಮೊದಲು ಬಾಕಿ ಕೇಳ್ರಿ. ಬಾಕಿ ಕೇಳಿದ್ರ ತಾವೇ ಹೊಳ್ಳಿ ಬರ್ತಾರ” ಎಂದು ಅವನು ಒಂದು ಉತ್ತರವನ್ನು ಬರೆದು ತಂದನು. ಅದರಲ್ಲಿ ಇಪ್ಪತ್ತು ವರ್ಷಗಳ ಋಣವನ್ನು ಮರೆತಿರಲ್ಲಾ ಎಂಬ ಆಕ್ಷೇಪವಿದ್ದಿತು. ಆ ಅಂಗಡಿಯ ತೂಕದ ವಿಷಯ ಊರಿಗೆಲ್ಲ ಗೊತ್ತಿದೆ ಎಂಬ ಸೂಚನೆಯಿದ್ದಿತು. ಈ ಸಲ ಇಳಿಸುವ ಹಮಾಲಿಯನ್ನು ನಾವೇ ಕೊಡುತ್ತೇವೆ ಎಂಬ ಆಶೆಯಿದ್ದಿತು. ಎಂಟು ದಿನಗಳಲ್ಲಿ ಬಾಕಿ ತುಂಬತಕ್ಕದ್ದೆಂಬ ತಾಕೀತು ಇದ್ದಿತು. ಕೊನೆಯಲ್ಲಿ, ನಮ್ಮಿಂದ ತಪ್ಪಾಗಿದ್ದರೆ ಮನಬಿಚ್ಚಿ ತಿಳಿಸಬೇಕೆಂಬ ವಿನಂತಿಯೂ ಇದ್ದಿತು.

ಸಾಹುಕಾರನು ಅದನ್ನು ಎರಡು ಸಲ ಓದಿ ಬದಿಗಿಟ್ಟನು. ಆ ಕೊನೆಯ ಸಾಲಿಗೆ ನಿಜವಾದ ಉತ್ತರ ಬರದಂತೆ ಅದರ ಮೇಲಿನ ನಾಲ್ಕು ಸಂಗತಿಗಳೂ ಬಾಗಿಲು ಹಾಕಿದ್ದುವು. ಋಣವನ್ನು ನೆನಪಿಸಿದರೆ ಓದುವವರು ತಮ್ಮನ್ನು ಸಮರ್ಥಿಸಿಕೊಳ್ಳಲು ತೊಡಗುವರೇ ವಿನಾ ಇವನ ಅಂಗಡಿಯ ವಿಷಯವನ್ನು ಹೇಳರು. ಎದುರಾಳಿಯನ್ನು ನಿಂದಿಸಿದರೆ ಅದು ಅವನನ್ನು ಆರಿಸಿಕೊಂಡವರ ಬುದ್ಧಿಯನ್ನೇ ನಿಂದಿಸಿದಂತೆ. ಹಮಾಲಿಯ ಆಶೆಯನ್ನು ತೋರಿಸಿದರೆ, ಇಷ್ಟು ವರ್ಷ ಇದನ್ನೇಕೆ ಕೊಡಲಿಲ್ಲ ಎಂಬ ಸಂಶಯವೇ ಬಲಿಯುವುದು. ಅಲ್ಲದೆ ಅವರು ಬಿಟ್ಟ ಕಾರಣ ಹಮಾಲಿಯೇ ಎಂದು ಇವನಿಗೆ ಹೇಳಿದವರಾರು? ಇನ್ನು ಎಂಟು ದಿನಗಳ ತಾಕೀತು. ಅದು ತಲೆಯ ಮೇಲಿರುವವರು ಸಾಲ ಕೊಟ್ಟವನ ದೋಷವನ್ನು ಸಾಲ ಕೊಟ್ಟವನಿಗೇ ಎತ್ತಿ ಹೇಳುವುದು ಲೋಕದಲ್ಲಿ ಕಾಣದ ಮಾತು.

ರಾಮಾಯಣವನ್ನು ಬಲ್ಲವರಿಗೆ ಮಾರೀಚನ ಪ್ರಸಂಗ ನೆನಪಿರಬಹುದು. ರಾವಣನು ಸಹಾಯವನ್ನು ಬೇಡಿ ಬಂದಾಗ ಮಾರೀಚನು ಅಪ್ರಿಯವಾದರೂ ಹಿತವಾದುದನ್ನೇ ಸ್ಪಷ್ಟವಾಗಿ ಹೇಳಿದನು. ಒಪ್ಪದಿದ್ದರೆ ನನ್ನ ಕೈಯಿಂದಲೇ ನಿನಗೆ ಮರಣ ಎಂದು ರಾವಣನು ಹೆದರಿಸಿದನು. ಆಮೇಲೆ ಮಾರೀಚನು ತಲೆಬಾಗಿ, ಹೇಳಿದಂತೆ ಮಾಡಿದನು. ಅಧಿಕಾರವುಳ್ಳವನಿಗೆ ಹಿತವನ್ನು ಹೇಳುವವರು ಮೊದಲೇ ವಿರಳ. ಒಮ್ಮೆ ಹೆದರಿಸಿದ ಮೇಲಂತೂ ಇಲ್ಲವೇ ಇಲ್ಲ. ಮುಂಗಡ ಕೊಟ್ಟ ಅಡತಿಯವನ ಕೈಯಲ್ಲಿ ಖಡ್ಗವಿಲ್ಲದಿದ್ದರೂ ಖಾತೆಯ ಪುಸ್ತಕವಿದೆ. ಅದನ್ನು ಮೊದಲು ಮುಚ್ಚಿ, ಆಮೇಲೆ ಪ್ರಶ್ನೆಯನ್ನು ಕೇಳಬೇಕೆಂದು ಸಾಹುಕಾರನು ನಿಶ್ಚಯಿಸಿದನು.

ಫೋನಿನಲ್ಲಿ ಮಾತನಾಡಬಹುದಿತ್ತು. ಆದರೆ ಫೋನಿನಲ್ಲಿ ಕೇಳಿದರೆ ಬರುವ ಉತ್ತರ ಯಾವುದೆಂಬುದು ಆ ಸೀಮೆಯ ಮರ್ಯಾದೆಯನ್ನು ಬಲ್ಲವರಿಗೆಲ್ಲ ತಿಳಿದಿದೆ: “ಏನಿಲ್ಲ ಬಿಡ್ರಿ ಸಾವಕಾರ್ರೆ, ಹುಡುಗುರು ಅಂದ್ರು, ಹಂಗಾಗಿ.” ಆ ಕ್ಷಣದಲ್ಲಿಯೇ ಉತ್ತರಿಸಬೇಕಾದವರು ಎದುರಿನವರ ಮನಸ್ಸನ್ನು ನೋಯಿಸದ ಮಾತನ್ನೇ ಹುಡುಕುವರು. ಕಾಗದವಾದರೆ ಮನೆಯಲ್ಲಿ ನಾಲ್ಕು ದಿನ ಬಿದ್ದಿರುತ್ತದೆ. ಓದಿ ಹೇಳುವವರು, ಕೇಳುವವರು ತಮ್ಮತಮ್ಮಲ್ಲಿಯೇ ಮಾತನಾಡಿಕೊಳ್ಳುತ್ತಾರೆ. ಆದುದರಿಂದ ಕಾಗದವನ್ನೇ ಬರೆದು, ಒಂದು ಲೆಕ್ಕದ ಚೀಟಿಯನ್ನು ಬೇರೆಯಾಗಿ ಇಟ್ಟು, ಊರಿಗೆ ಹೋಗುವ ಪರಿಚಯದವರ ಕೈಯಲ್ಲಿ ಕಳುಹಿಸಿದನು. ಆ ಕಾಗದವು ಹೀಗಿದ್ದಿತು:

“ಶ್ರೀ. ಹಿರಿಯರಾದ ತಮಗೆ ಅನೇಕ ನಮಸ್ಕಾರಗಳು. ಇತ್ತ ಕ್ಷೇಮ, ತಮ್ಮ ಮನೆಯಲ್ಲಿ ಎಲ್ಲರ ಕ್ಷೇಮಕ್ಕೆ ಬರೆಯಿಸಬೇಕು. ವಿಶೇಷವೇನೆಂದರೆ, ತಮ್ಮ ಸಂದೇಶ ಮುಟ್ಟಿತು. ಮಾಲು ತಮ್ಮದು, ತಾವು ಆರಿಸಿದ ಅಂಗಡಿಗೆ ಹಾಕುವುದು ತಮ್ಮ ಇಷ್ಟ. ಕೊಯ್ಲಿಗೆ ಮೊದಲೇ ತಿಳಿಸಿದ್ದರಿಂದ ನಮಗೆ ಅನುಕೂಲವಾಯಿತು. ತಮ್ಮ ಚೀಲಗಳಿಗೆಂದು ತೆಗೆದಿಡುತ್ತಿದ್ದ ಸ್ಥಳವನ್ನು ಬೇರೆಯವರಿಗೆ ಕೊಡುತ್ತೇವೆ. ಆ ಅಂಗಡಿಯವರು ನಮಗೂ ಪರಿಚಿತರು. ಅಲ್ಲಿ ತಮ್ಮ ಮಾಲಿಗೆ ಒಳ್ಳೆಯ ಬೆಲೆ ಬರಲಿ.

“ಲೆಕ್ಕವನ್ನು ಬೇರೆ ಚೀಟಿಯಲ್ಲಿ ಬರೆದಿದೆ. ತಮ್ಮ ಜಮೆ ೧೨,೬೦೦ ಕಳೆದು ೨೭,೪೦೦ ರೂಪಾಯಿ ಬರತಕ್ಕದ್ದು. ಮಾಲು ಮಾರಿದ ಮೇಲೆ ಶಿವರಾತ್ರಿಯೊಳಗಾಗಿ ಮುಟ್ಟಿಸಿದರೆ ಸಾಕು. ಮಾಲು ಎಲ್ಲಿ ಮಾರಿದಿರಿ ಎಂಬುದಕ್ಕೂ ಈ ಹಣಕ್ಕೂ ಸಂಬಂಧವಿಲ್ಲ. ಚೀಟಿಯಲ್ಲಿ ವ್ಯತ್ಯಾಸ ಕಂಡರೆ ತಮ್ಮ ಪುಸ್ತಕದಂತೆ ತಿದ್ದಿಸಿರಿ.

“ಮತ್ತೊಂದು ವಿನಂತಿಯುಂಟು. ಇದಕ್ಕೆ ಈಗ ಉತ್ತರ ಬೇಡ; ಲೆಕ್ಕ ಚುಕ್ತಾ ಆದ ಮೇಲೆ, ಮನಸ್ಸಿಗೆ ಬಂದರೆ ಮಾತ್ರ ತಿಳಿಸುವುದು. ಕಳೆದ ಸಲ ಚೀಲ ಇಳಿದಂದಿನಿಂದ ಹಣ ಕೈಗೆ ಬರುವವರೆಗೆ ತಮಗೆ ಎಷ್ಟು ದಿನ ಹಿಡಿಯಿತು? ನಾವು ಕೊಟ್ಟ ಪಟ್ಟಿಯಲ್ಲಿ ತಮಗೆ ತಿಳಿಯದೆ ಉಳಿದ ಸಾಲು ಯಾವುದು? ಹೊಸ ಅಂಗಡಿಯವರು ಮಾಡುವುದರಲ್ಲಿ, ನಾವು ಮಾಡದಿರುವ ಒಂದು ಸಂಗತಿ ಯಾವುದು? ತಾವು ಏನು ತಿಳಿಸಿದರೂ ಅದಕ್ಕೆ ನಾವು ಸಮಜಾಯಿಷಿ ಹೇಳುವುದಿಲ್ಲ. ಮರಳಿ ಬರಬೇಕೆಂದು ಕೇಳುವುದೂ ಇಲ್ಲ. ಗಂಜಿಗೆ ಬಂದಾಗ ಚಹಾಕ್ಕೆ ಬರುತ್ತಿರಬೇಕು. ಇತಿ ನಮಸ್ಕಾರಗಳು.”

ಈ ಕಾಗದದ ಮೂರು ಪ್ರಶ್ನೆಗಳನ್ನು ವಾಚಕರು ಗಮನಿಸಬೇಕು. ನಮ್ಮಲ್ಲಿ ಏನು ದೋಷ ಎಂದು ಅವನು ಕೇಳಲಿಲ್ಲ. ದೋಷವನ್ನು ಹೇಳೆಂದರೆ ಹೇಳುವವನು ನ್ಯಾಯಾಧೀಶನಾಗಬೇಕಾಗುತ್ತದೆ. ಸಭ್ಯರು ಆ ಪೀಠವನ್ನು ಏರಲಾರರು. ಎಷ್ಟು ದಿನ, ಯಾವ ಸಾಲು, ಯಾವ ಸಂಗತಿ ಎಂದು ಕೇಳಿದರೆ ಅವರು ಸಾಕ್ಷಿದಾರರಾದರೆ ಸಾಕು. ಕಂಡದ್ದನ್ನು ಹೇಳಲು ಯಾರಿಗೂ ಸಂಕೋಚವಿಲ್ಲ.

ಕಾಗದವನ್ನು ಕಳುಹಿಸಿದ ಮೇಲೆ ಸಾಹುಕಾರನು ಇನ್ನೊಂದು ಕೆಲಸವನ್ನು ಮಾಡಿದನು. ಅಂಗಡಿ ಬಿಟ್ಟವರು ಸಾಧಾರಣವಾಗಿ ಹೇಳುವ ಕಾರಣ ‘ದರ ಕಡಿಮೆ’ ಎಂಬುದು. ಅದು ಯಾರನ್ನೂ ನೋಯಿಸದ ಕಾರಣ. ಬೆಲೆಯನ್ನು ಕಟ್ಟಿದವರು ಬೇರೆಯವರಲ್ಲವೇ? ಅದು ನಿಜವೋ ಅಲ್ಲವೋ ಎಂಬುದನ್ನು ಅಂಗಡಿಯ ಪುಸ್ತಕದಿಂದಲೇ ನೋಡಬಹುದು. ಮಾರುಕಟ್ಟೆ ಸಮಿತಿಯು ದಿನದಿನವೂ ಕನಿಷ್ಠ ಬೆಲೆ, ಗರಿಷ್ಠ ಬೆಲೆ, ಹೆಚ್ಚಿನ ಮಾಲು ಮಾರಿದ ಬೆಲೆ ಎಂದು ಮೂರನ್ನು ಪ್ರಕಟಿಸುತ್ತದೆ. ಹಿರಿಯರ ಹಿಂದಿನ ಎರಡು ವರ್ಷಗಳ ರಾಶಿಗಳು ಮಾರಿದ ಬೆಲೆಯನ್ನು ಆಯಾ ದಿನಗಳ ಮೂರನೆಯ ಬೆಲೆಯೊಡನೆ ಅವನು ಹೋಲಿಸಿದನು. ಪ್ರತಿಸಲವೂ ಅವು ಅದರ ಸಮೀಪದಲ್ಲಿಯೇ, ಒಮ್ಮೆ ತುಸು ಮೇಲೆಯೇ ಇದ್ದುವು. ಹಾಗಾದರೆ ಕಾರಣ ಬೆಲೆಯಲ್ಲ. ದಾರಿಯೂ ಕಾರಣವಾಗಿರಲಾರದು, ಹತ್ತಿರವನ್ನು ನೋಡುವವರು ಗಡಿಯಾಚೆಯ ದುಧನಿಯ ಪೇಟೆಗೆ ಹೋಗುತ್ತಿದ್ದರು, ಇದೇ ಗಂಜಿನಲ್ಲಿ ಎರಡು ಸಾಲು ಆಚೆ ಹೋಗುತ್ತಿರಲಿಲ್ಲ. ಉಳಿದುದು ಅಂಗಡಿಯ ನಡವಳಿಕೆ ಮಾತ್ರ.

ಶಿವರಾತ್ರಿ ಕಳೆದು ನಾಲ್ಕನೆಯ ದಿನ ತಮ್ಮನ ಮಗನು ಹಣದೊಡನೆ ಬಂದನು. ಸಾಹುಕಾರನು ಅವನ ಎದುರಿಗೇ ಖಾತೆಗೆ ಚುಕ್ತಾ ಬರೆದು, ರಸೀದಿಯನ್ನು ಕೊಟ್ಟನು. ಕಾಗದದ ವಿಷಯವನ್ನು ಎತ್ತಲಿಲ್ಲ. ಹುಡುಗನೇ ಜೇಬಿನಿಂದ ಒಂದು ಹಾಳೆಯನ್ನು ತೆಗೆದು, “ಕಾಕಾ ಹೇಳ್ಯಾರ, ನಾ ಬರ್ದೀನಿ. ಸಿಟ್ಟಾಗಬ್ಯಾಡ್ರಿ” ಎಂದನು.

ಹಾಳೆಯಲ್ಲಿದ್ದುದು ನಾಲ್ಕು ಸಂಗತಿಗಳು. ಸೋಮವಾರ ಸಂಜೆ ಚೀಲಗಳು ಇಳಿದುವು, ಮಂಗಳವಾರ ಮಧ್ಯಾಹ್ನ ಬೆಲೆಯಾಯಿತು, ತೂಕವಾದದ್ದು ಮಾತ್ರ ಬುಧವಾರ ಸಂಜೆ. ಎರಡು ರಾತ್ರಿ ರಾಶಿಯ ಬಳಿ ಮಲಗಬೇಕಾಯಿತು, ವಾಹನಕ್ಕೆ ನಿಂತ ಬಾಡಿಗೆ ಬೇರೆ. ಎರಡನೆಯದಾಗಿ, ಪಟ್ಟಿಯಲ್ಲಿ ‘ಇತರೆ ಖರ್ಚು’ ಎಂದು ೩೧೦ ರೂಪಾಯಿ ಇದ್ದಿತು. ಅದೇನೆಂದು ಕೇಳಿದಾಗ ಗಲ್ಲೆಯ ಮೇಲಿದ್ದ ಹುಡುಗನು ನಕ್ಕನು, ಹೇಳಲಿಲ್ಲ. ಮೂರನೆಯದಾಗಿ, ಕೊಳ್ಳಲು ಬಂದವರೆಲ್ಲ ರಾಶಿಯಿಂದ ಹಿಡಿಹಿಡಿ ಕಾಳನ್ನು ತೆಗೆದು ನೋಡಿ ನೆಲಕ್ಕೆ ಬಿಡುತ್ತಾರೆ. ಹೊಸ ಅಂಗಡಿಯಲ್ಲಿ ಒಂದು ತಟ್ಟೆಯಿಟ್ಟು, ನೋಡಿದ ಕಾಳನ್ನು ಪುನಃ ರಾಶಿಗೆ ಸುರಿಸುತ್ತಾರೆ. ನಾಲ್ಕನೆಯದು, ತೂಕದಲ್ಲಿ ಚೀಲಕ್ಕೆ ಸ್ವಲ್ಪ ಕಡಿಮೆ ಬೀಳುತ್ತದೆಂದು ಊರಲ್ಲಿ ಮಾತಿದೆ.

ಸಾಹುಕಾರನು ಹುಡುಗನಿಗೆ ಚಹಾ ಕುಡಿಸಿ ಕಳುಹಿಸಿದನು. ಆಮೇಲೆ ಹಾಳೆಯನ್ನು ಗುಮಾಸ್ತನ ಮುಂದೆ ಇಟ್ಟನು. ನಕ್ಕವನು ಅವನೇ. ಅವನಿಗೆ ಆ ಪ್ರಸಂಗ ನೆನಪಿರಲಿಲ್ಲ. ಅಂದು ಗಲ್ಲೆಯ ಮುಂದೆ ಇಪ್ಪತ್ತು ಮಂದಿ ನಿಂತಿದ್ದರು, ಪ್ರಶ್ನೆ ಅವನಿಗೆ ಸಣ್ಣದಾಗಿ ಕಂಡಿದ್ದಿತು. ಆದರೆ ಇಪ್ಪತ್ತು ವರ್ಷ ಬಂದವರಿಗೆ ಆ ನಗುವೇ ಮುಖ್ಯವಾಯಿತು. ೩೧೦ ರೂಪಾಯಿ ಯಾವುದಕ್ಕೆಂದು ಆಗ ಪುಸ್ತಕ ತೆಗೆದು ನೋಡಿದರೆ, ಕಾಳನ್ನು ಜರಡಿ ಹಿಡಿಸಿದ್ದು, ಹರಿದ ಚೀಲಗಳನ್ನು ಹೊಲಿಸಿದ್ದು, ರಾತ್ರಿಯ ಕಾವಲು ಎಂದು ಮೂರು ಬಾಬುಗಳು ಹೊರಟುವು. ಮೂರೂ ನ್ಯಾಯವಾದ ಖರ್ಚುಗಳೇ. ಅವನ್ನು ಒಂದು ಸಾಲಿನಲ್ಲಿ ಕೂಡಿಸಿ ಬರೆದದ್ದರಿಂದ ಅವು ಅನ್ಯಾಯದಂತೆ ತೋರಿದುವು.

ತೂಕ ತಡವಾದುದಕ್ಕೂ ಕಾರಣ ಸಿಕ್ಕಿತು. ಪಕ್ಕದ ಅಂಗಡಿಗೂ ಈ ಅಂಗಡಿಗೂ ಹಮಾಲರ ತಂಡ ಒಂದೇ. ದೊಡ್ಡ ರಾಶಿಗಳನ್ನು ಮೊದಲು ತೂಗಿದರೆ ತಂಡಕ್ಕೆ ಕೆಲಸ ಬೇಗ ಸಾಗುತ್ತದೆಂದು ಸಣ್ಣ ರಾಶಿಗಳನ್ನು ಹಿಂದಕ್ಕೆ ತಳ್ಳುತ್ತಿದ್ದರು. ಎಂಬತ್ತು ಚೀಲದವರು ಮುನ್ನೂರು ಚೀಲದವರ ಹಿಂದೆ ಕಾಯುವುದು ನಿತ್ಯದ ಪದ್ಧತಿಯಾಗಿದ್ದಿತು. ಮುನ್ನೂರು ಚೀಲದವರೋ ಊರಲ್ಲಿಯೇ ಮನೆಯುಳ್ಳವರು, ಕಾದರೂ ಅವರಿಗೆ ರಾತ್ರಿಯ ನಿದ್ದೆ ಕೆಡುತ್ತಿರಲಿಲ್ಲ. ಮುಂದಿನ ವರ್ಷದಿಂದ ಹೊರಗಿನ ಊರಿನವರ ರಾಶಿಗಳನ್ನು ಮೊದಲು ತೂಗಬೇಕೆಂದು ತಂಡದ ಮುಖ್ಯಸ್ಥನೊಡನೆ ಗೊತ್ತಾಯಿತು. ಎಲ್ಲ ದಿನವೂ ಅದು ನಡೆಯುವುದಿಲ್ಲ. ಗಂಜಿನಲ್ಲಿ ಮಾಲು ಉಕ್ಕಿಬಂದ ದಿನ ಇಂದಿಗೂ ಕೆಲವರು ಒಂದು ರಾತ್ರಿ ಉಳಿಯುತ್ತಾರೆ. ನೋಡಿದ ಕಾಳಿನ ವಿಷಯವನ್ನು ಅವನು ತಾನೇ ಪರೀಕ್ಷಿಸಿದನು. ಎಂಟು ಮಂದಿ ನೋಡಿಹೋದ ಒಂದು ರಾಶಿಯ ಸುತ್ತ ಬಿದ್ದುದನ್ನು ಗುಡಿಸಿ ತೂಗಿಸಿದರೆ ಸುಮಾರು ಎರಡು ಕಿಲೋ ಆಯಿತು. ಅಂದಿನಿಂದ ಪ್ರತಿರಾಶಿಗೂ ಒಂದು ತಟ್ಟೆ ಬಂದಿತು.

ನಾಲ್ಕನೆಯ ಮಾತು ಸುಳ್ಳೆಂದು ಅವನಿಗೆ ತಿಳಿದಿದ್ದಿತು. ಅವನ ತೂಕದ ಯಂತ್ರಕ್ಕೆ ಇಲಾಖೆಯವರ ಮುದ್ರೆ ವರ್ಷವರ್ಷವೂ ಬೀಳುತ್ತಿದ್ದಿತು. ಇಲ್ಲಿ ಸಮಜಾಯಿಷಿ ಹೇಳಬೇಕೆಂಬ ಆಶೆ ಬಲವಾಗಿ ಬಂದರೂ, ಹೇಳುವುದಿಲ್ಲವೆಂದು ಮಾತು ಕೊಟ್ಟಾಗಿದ್ದಿತು. ಅವನು ಮುದ್ರೆ ಬಿದ್ದ ಇಪ್ಪತ್ತು ಕಿಲೋದ ಒಂದು ಕಬ್ಬಿಣದ ತೂಕದ ಕಲ್ಲನ್ನು ತರಿಸಿ ಯಂತ್ರದ ಪಕ್ಕದಲ್ಲಿ ಇಡಿಸಿದನು. ಬೇಕಾದ ರೈತನು ತನ್ನ ಚೀಲಕ್ಕೆ ಮೊದಲು ಆ ಕಲ್ಲನ್ನು ತೂಗಿ ನೋಡಬಹುದು. ತಪ್ಪು ತಿಳಿವಳಿಕೆಯಿಂದ ಬಂದ ದೂರಿನಲ್ಲಿಯೂ ಒಂದು ಸತ್ಯವಿರುತ್ತದೆ: ಪರೀಕ್ಷಿಸುವ ಸಾಧನ ದೂರಿದವನ ಕೈಯಲ್ಲಿರಲಿಲ್ಲ ಎಂಬುದೇ ಆ ಸತ್ಯವು.

ಹಿರಿಯರಿಗೆ ಎರಡನೆಯ ಕಾಗದ ಹೋಯಿತು. ಅದು ನಾಲ್ಕೇ ಸಾಲಿನದು. ತಾವು ತಿಳಿಸಿದ್ದು ಉಪಕಾರವಾಯಿತು. ೩೧೦ ರೂಪಾಯಿಯ ವಿವರವನ್ನು ಅಂದೇ ಹೇಳಬೇಕಾಗಿದ್ದಿತು, ಇದರೊಡನೆ ಬರೆದು ಕಳುಹಿಸಿದೆ. ಗಲ್ಲೆಯಲ್ಲಿ ತಮಗಾದ ಅವಮಾನಕ್ಕೆ ಕ್ಷಮೆ ಬೇಡುತ್ತೇವೆ ಎಂದಿಷ್ಟೇ ಇದ್ದಿತು. ತಟ್ಟೆಯ ಮಾತನ್ನಾಗಲಿ, ಕಬ್ಬಿಣದ ಕಲ್ಲಿನ ಮಾತನ್ನಾಗಲಿ ಅದರಲ್ಲಿ ಎತ್ತಲಿಲ್ಲ. ಎತ್ತಿದ್ದರೆ ಅದು ಮರಳಿ ಕರೆದಂತೆಯೇ ಆಗುತ್ತಿದ್ದಿತು. ಆ ಕಾಗದವನ್ನು ಬರೆದವನು ಗುಮಾಸ್ತನು. ಸಾಹುಕಾರನು ಹೇಳಿ ಬರೆಯಿಸಲಿಲ್ಲ, ತಿದ್ದಲೂ ಇಲ್ಲ.

ಹಿರಿಯರು ಮರಳಿ ಬರಲಿಲ್ಲ. ಮುಂದಿನ ಸುಗ್ಗಿಯಲ್ಲಿ ಹವಳಗಾದ ವಾಹನವು ಗಂಜಿನ ಎರಡು ಅಂಗಡಿಗಳ ಮುಂದೆ ನಿಲ್ಲತೊಡಗಿತು. ಉಳಿದ ನಾಲ್ಕು ಮನೆಗಳಲ್ಲಿ ಮೂರು ಇಲ್ಲಿ ಇಳಿಸಿದುವು, ಒಂದು ಮನೆ ಹಿರಿಯರೊಡನೆ ಹೋಯಿತು. ಇದನ್ನು ಲಾಭವೆನ್ನಬೇಕೋ ನಷ್ಟವೆನ್ನಬೇಕೋ ಎಂಬುದನ್ನು ಸಾಹುಕಾರನು ಲೆಕ್ಕ ಹಾಕಲಿಲ್ಲ. ಅವನ ಮನಸ್ಸನ್ನು ಹಿಡಿದದ್ದು ಬೇರೊಂದು ಸಂಗತಿ. ಬಿಟ್ಟುಹೋದವರು ನಿಜವನ್ನು ಹೇಳಿದರು. ಎರಡು ರಾತ್ರಿ ಅದೇ ರಾಶಿಗಳ ಬಳಿ ಮಲಗಿದ್ದ ಉಳಿದ ಮೂರು ಮನೆಯವರು ಇಷ್ಟು ವರ್ಷ ಒಂದು ಮಾತನ್ನೂ ಆಡಿರಲಿಲ್ಲ. ಅವರ ಮುಂಗಡಗಳು ಖಾತೆಯಲ್ಲಿ ತೆರೆದೇ ಇದ್ದುವು. ಈಗ ಅವನು ಪ್ರತಿವರ್ಷ ಮಾಲೆಲ್ಲ ಮಾರಿ, ಬಾಕಿಯೆಲ್ಲ ಮುರಿದು, ಹೊಸ ಮುಂಗಡದ ಮಾತು ಇನ್ನೂ ಬಾರದಿರುವ ಫಾಲ್ಗುಣದ ನಡುವಿನ ದಿನಗಳಲ್ಲಿ ಆ ಮೂರು ಮನೆಗಳಿಗೂ ಒಂದೊಂದು ಚೀಟಿಯನ್ನು ಕಳುಹಿಸುತ್ತಾನೆ. ಅದರಲ್ಲಿ ಅದೇ ಮೂರು ಪ್ರಶ್ನೆಗಳಿವೆ. ಮೂರನೆಯದರಲ್ಲಿ ಮಾತ್ರ ‘ಹೊಸ ಅಂಗಡಿಯವರು’ ಎಂಬಲ್ಲಿ ‘ಬೇರೆ ಅಂಗಡಿಯವರು’ ಎಂದಿದೆ. ಮೊದಲನೆಯ ವರ್ಷ ಒಂದು ಮನೆಯಿಂದ ಮಾತ್ರ ಉತ್ತರ ಬಂದಿತು, ಅದೂ ಎರಡನೆಯ ಪ್ರಶ್ನೆಗೆ ಮಾತ್ರ.